ದೊಡ್ಡಪ್ಪನ ಆರು ಸಾವಿರ ಎಲ್ಲಿ ಹೋಯ್ತು? ಬೋನಸ್ ಶೇರು ಮತ್ತು ರೈಟ್ಸ್ ಇಶ್ಯೂ ಲೆಕ್ಕ

ನಮ್ಮ ದೊಡ್ಡಪ್ಪ ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಈಗ ರಿಟೈರ್ಡ್. ಬೆಳಿಗ್ಗೆ ಪೇಪರ್ ಓದಿ ಮುಗಿಸಿದ ಮೇಲೆ ಮೊಬೈಲ್‌ನಲ್ಲಿ ತಮ್ಮ ಶೇರುಗಳನ್ನ ಒಂದ್ಸಲ ನೋಡೋದು ಅವರ ಅಭ್ಯಾಸ. ಮಾರೋದು ಕಮ್ಮಿ, ಕೊಳ್ಳೋದೂ ಕಮ್ಮಿ, ಬರೀ ನೋಡೋದು. ನಾನು ಇಂಜಿನಿಯರಿಂಗ್ ಓದ್ತಿದೀನಿ ಅನ್ನೋ ಒಂದೇ ಕಾರಣಕ್ಕೆ ಮೊಬೈಲಿಗೆ ಸಂಬಂಧಪಟ್ಟ ಎಲ್ಲ ತೊಂದರೆಗೂ ನಂಗೇ ಫೋನ್ ಬರುತ್ತೆ.

ಮೊದಲನೇ ಫೋನ್ ಬಂದಾಗ ನಾನು ಲ್ಯಾಬ್‌ನಲ್ಲಿದ್ದೆ. "ಲೋ, ನಿನ್ನೆ ಅರವತ್ತು ಪರ್ಸೆಂಟ್ ಲಾಭದಲ್ಲಿದ್ದೆ, ಇವತ್ತು ಇಪ್ಪತ್ತು ಪರ್ಸೆಂಟ್ ನಷ್ಟ ತೋರಿಸ್ತಿದೆ. ಅಕೌಂಟ್ ಯಾರಾದ್ರೂ ಹ್ಯಾಕ್ ಮಾಡಿದ್ರಾ?" ಅಂದ್ರು. ಆ ಧ್ವನಿ ಕೇಳಿ ನಂಗೂ ಗಾಬರಿ ಆಯ್ತು. ಆಮೇಲೆ ನೋಡಿದ್ರೆ ಹ್ಯಾಕೂ ಇಲ್ಲ ಏನೂ ಇಲ್ಲ, ಆ ಕಂಪನಿ ಬೋನಸ್ ಕೊಟ್ಟಿತ್ತು ಅಷ್ಟೇ.

ಎರಡನೇ ಸಲ ಫೋನೇ ಬರಲಿಲ್ಲ. ಅದೇ ಸಮಸ್ಯೆ. ಇನ್ನೊಂದು ಕಂಪನಿ ರೈಟ್ಸ್ ಇಶ್ಯೂ ಮಾಡಿತ್ತು, ಈಮೇಲ್ ಬಂದಿತ್ತು, ದೊಡ್ಡಪ್ಪ ಅದನ್ನ ಜಾಹೀರಾತು ಅಂದ್ಕೊಂಡು ಬಿಟ್ಟಿದ್ರು. ರಜೆಗೆ ಊರಿಗೆ ಹೋದಾಗ ನಾನೇ ಅವರ ಮೊಬೈಲಲ್ಲಿ ಆ ಮೇಲ್ ನೋಡಿದೆ. ಅಷ್ಟರಲ್ಲಿ ಕೊನೇ ತಾರೀಖು ದಾಟಿ ವಾರ ಆಗಿತ್ತು. ಆಗ ಅವರು ಏನೂ ಗಾಬರಿ ಆಗಿರಲಿಲ್ಲ. "ನಾನೇನು ದುಡ್ಡು ಹಾಕಲಿಲ್ಲ, ನಂಗೇನು ಹೋಗುತ್ತೆ?" ಅಂದ್ರು.

ತಮಾಷೆ ಅಂದ್ರೆ ಗಾಬರಿ ಆದ ಸಲ ಒಂದು ರೂಪಾಯಿನೂ ಹೋಗಿರಲಿಲ್ಲ. ನಿಶ್ಚಿಂತೆಯಿಂದ ಕೂತಿದ್ದ ಸಲ ಸುಮಾರು ಆರು ಸಾವಿರ ಹೋಗಿತ್ತು. ಅದು ಹೇಗೆ ಅಂತ ಬರೆಯೋದೇ ಈ ಲೇಖನ. ಲೆಕ್ಕ ಸುಲಭ ಆಗಲಿ ಅಂತ ದೊಡ್ಡಪ್ಪನ ಅಂಕಿಗಳನ್ನ ದುಂಡು ಮಾಡಿದ್ದೀನಿ. ಕಂಪನಿಗಳ ಹೆಸರು ಬೇಡ.

ಮೊದಲು ಬೋನಸ್. ದೊಡ್ಡಪ್ಪನ ಹತ್ರ 100 ಶೇರು ಇತ್ತು. ತಲಾ 500 ರೂಪಾಯಿಗೆ ತಗೊಂಡಿದ್ದು, ಅಂದ್ರೆ ಹಾಕಿದ್ದು 50,000. ಮಾರ್ಕೆಟ್ ಬೆಲೆ 800 ಆಗಿತ್ತು, ಅಂದ್ರೆ 80,000. ಇದೇ ಆ ಅರವತ್ತು ಪರ್ಸೆಂಟ್ ಲಾಭ. ಕಂಪನಿ 1:1 ಬೋನಸ್ ಘೋಷಿಸಿತು: ಒಂದು ಶೇರು ಇದ್ದವರಿಗೆ ಇನ್ನೊಂದು ಪುಕ್ಕಟೆ.

ಈ ಪುಕ್ಕಟೆ ಶೇರು ಎಲ್ಲಿಂದ ಬಂತು? ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಶೇರುದಾರರಿಗೆ ಸೇರಿದ ಹಣ ಮುಖ್ಯವಾಗಿ ಎರಡು ಸಾಲಲ್ಲಿ ಇರುತ್ತೆ. ಒಂದು ಶೇರು ಬಂಡವಾಳ, ಇನ್ನೊಂದು ರಿಸರ್ವ್ಸ್, ಅಂದ್ರೆ ವರ್ಷ ವರ್ಷ ಲಾಭ ಹಂಚದೆ ಉಳಿಸಿಕೊಂಡ ಮೊತ್ತ. ಒಂದು ಸಣ್ಣ ಕಂಪನಿ ಇದೆ ಅಂತ ಇಟ್ಕೊಳ್ಳಿ. 10 ರೂಪಾಯಿ ಮುಖಬೆಲೆಯ 10 ಲಕ್ಷ ಶೇರು, ಅಂದ್ರೆ ಬಂಡವಾಳ 1 ಕೋಟಿ. ರಿಸರ್ವ್ಸ್ 9 ಕೋಟಿ. ಒಟ್ಟು 10 ಕೋಟಿ. 1:1 ಬೋನಸ್ ಕೊಟ್ಟಾಗ ರಿಸರ್ವ್ಸ್‌ನಿಂದ 1 ಕೋಟಿ ತೆಗೆದು ಬಂಡವಾಳದ ಸಾಲಿಗೆ ಬರೀತಾರೆ. ಈಗ ಬಂಡವಾಳ 2 ಕೋಟಿ, ರಿಸರ್ವ್ಸ್ 8 ಕೋಟಿ. ಒಟ್ಟು ಅದೇ 10 ಕೋಟಿ. ಬ್ಯಾಂಕ್ ಖಾತೆಯಿಂದ ಹಣ ಹೊರಗೆ ಹೋಗಿಲ್ಲ, ಒಳಗೂ ಬಂದಿಲ್ಲ. ಎಡಗಡೆ ಜೇಬಿನಿಂದ ಬಲಗಡೆ ಜೇಬಿಗೆ. ಕಂಪನಿ ಕಾಯ್ದೆ ಇದನ್ನ ಹೇಳೋ ರೀತಿಯಲ್ಲೇ ಇದು ಗೊತ್ತಾಗುತ್ತೆ. ಬೋನಸ್ ಶೇರನ್ನ ಡಿವಿಡೆಂಡ್ ಬದಲಿಗೆ ಕೊಡೋ ಹಾಗಿಲ್ಲ. ಡಿವಿಡೆಂಡ್ ಅಂದ್ರೆ ನಿಜವಾದ ದುಡ್ಡು ಕೈಗೆ ಬರೋದು, ಇದು ಹಾಗಲ್ಲ.

ಕಂಪನಿ ಅದೇ, ಲಾಭ ಅದೇ, ಸಾಲ ಅದೇ. ಆದರೆ ಶೇರುಗಳ ಸಂಖ್ಯೆ ಎರಡು ಪಟ್ಟು. ಹಾಗಾಗಿ ಒಂದು ಶೇರಿನ ಬೆಲೆ ಅರ್ಧ ಆಗ್ಲೇಬೇಕು. 800 ಇದ್ದದ್ದು 400. ದೊಡ್ಡಪ್ಪನಿಗೆ 200 ಶೇರು, ತಲಾ 400, ಒಟ್ಟು 80,000. ಅಲ್ಲಿಗೆ ಅಲ್ಲಿಗೆ.

ಹಾಗಾದ್ರೆ ಆ್ಯಪ್ ಯಾಕೆ ನಷ್ಟ ತೋರಿಸ್ತು? ಇಲ್ಲಿ ಟೈಮಿಂಗ್ ವಿಷಯ ಇದೆ. ರೆಕಾರ್ಡ್ ಡೇಟ್ ಅಂತ ಒಂದು ದಿನ ಇರುತ್ತೆ. ಆ ದಿನ ಯಾರ ಡಿಮ್ಯಾಟ್ ಖಾತೆಯಲ್ಲಿ ಶೇರು ಇದೆಯೋ ಅವರಿಗೆ ಬೋನಸ್. ಈಗ ನಮ್ಮಲ್ಲಿ ಇವತ್ತು ಕೊಂಡ ಶೇರು ನಾಳೆ ಖಾತೆಗೆ ಬರೋದ್ರಿಂದ, ರೆಕಾರ್ಡ್ ಡೇಟ್ ದಿನ ಹೊಸದಾಗಿ ಕೊಂಡವನಿಗೆ ಬೋನಸ್ ಸಿಗಲ್ಲ. ಅವನು 800 ಯಾಕೆ ಕೊಡ್ತಾನೆ? 400 ಅಷ್ಟೇ ಕೊಡ್ತಾನೆ. ಹಾಗಾಗಿ ಆ ದಿನ ಬೆಳಿಗ್ಗೆ ಮಾರ್ಕೆಟ್ ಓಪನ್ ಆಗುವಾಗಲೇ ಬೆಲೆ ಅರ್ಧ ಆಗಿರುತ್ತೆ. ಆದರೆ ಬೋನಸ್ ಶೇರು ಖಾತೆಗೆ ಬಂದು ಮಾರೋಕೆ ಸಿಗೋದು ರೆಕಾರ್ಡ್ ಡೇಟ್ ಆದ ಮೇಲೆ ಎರಡನೇ ಕೆಲಸದ ದಿನ. 2024ರ ಅಕ್ಟೋಬರ್‌ನಿಂದ ಸೆಬಿ ಈ ನಿಯಮ ತಂದಿದೆ, ಮೊದಲು ಇನ್ನೂ ತಡ ಆಗ್ತಿತ್ತು. ಆ ಮಧ್ಯದ ಗ್ಯಾಪ್‌ನಲ್ಲಿ ಆ್ಯಪ್‌ಗೆ ಕಾಣೋದು 100 ಶೇರು, ತಲಾ 400, ಅಂದ್ರೆ 40,000. ಹಾಕಿದ್ದು 50,000. ಇಪ್ಪತ್ತು ಪರ್ಸೆಂಟ್ ನಷ್ಟ! ದೊಡ್ಡಪ್ಪ ಏನೂ ಮಾಡದೆ ಸುಮ್ನೆ ಕೂತಿದ್ರೆ ಎರಡು ದಿನದಲ್ಲಿ ಎಲ್ಲ ಸರಿ ಹೋಗ್ತಿತ್ತು, ಹೋಯ್ತು ಕೂಡ. ಹೆದರಿ ಮಾರಿದ್ರೂ ಬೋನಸ್ ತಪ್ಪುತ್ತಿರಲಿಲ್ಲ, ಯಾಕಂದ್ರೆ ರೆಕಾರ್ಡ್ ಡೇಟ್‌ನಲ್ಲಿ ಅವರ ಹೆಸರು ಇತ್ತು. ಆದ್ರೆ ಆ ಗಾಬರಿಯಲ್ಲಿ ಅದನ್ನೆಲ್ಲ ಯಾರು ಯೋಚಿಸ್ತಾರೆ.

ನಿಜವಾದ ಉದಾಹರಣೆ ಬೇಕಂದ್ರೆ ರಿಲಯನ್ಸ್ ಇಂಡಸ್ಟ್ರೀಸ್. 2024ರ ಅಕ್ಟೋಬರ್ 28 ಅದರ 1:1 ಬೋನಸ್‌ನ ರೆಕಾರ್ಡ್ ಡೇಟ್. ಹಿಂದಿನ ಟ್ರೇಡಿಂಗ್ ದಿನ ಬೆಲೆ ಸುಮಾರು 2650 ಇತ್ತು, ಆ ದಿನ 1330ರ ಆಸುಪಾಸು. ಆವತ್ತು ಎಷ್ಟು ಮನೆಗಳಲ್ಲಿ ಎಷ್ಟು ದೊಡ್ಡಪ್ಪಂದಿರು ಬೆಚ್ಚಿಬಿದ್ದಿರಬಹುದು!

ಇಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. 1993ರಲ್ಲಿ ಐಪಿಓ ಬಂದಾಗ 95 ರೂಪಾಯಿಯಂತೆ 100 ಶೇರು ತಗೊಂಡು ಮಾರದೆ ಇಟ್ಟವರ ಹತ್ರ ಇವತ್ತು 1,02,400 ಶೇರು ಇರುತ್ತೆ. 1994, 1997, 1999ರಲ್ಲಿ 1:1 ಬೋನಸ್, 2000ದಲ್ಲಿ ಶೇರನ್ನ ಎರಡಾಗಿ ಒಡೆದಿದ್ದು, 2004ರಲ್ಲಿ ಒಂದಕ್ಕೆ ಮೂರು ಬೋನಸ್ ಅಂದ್ರೆ ನಾಲ್ಕು ಪಟ್ಟು, ಆಮೇಲೆ 2006, 2014, 2015, 2018ರಲ್ಲಿ ಮತ್ತೆ 1:1. ಎಣಿಸಿ ನೋಡಿ, ಹತ್ತು ಸಲ ಡಬಲ್. 2ರ ಹತ್ತನೇ ಘಾತ, 1024. ನಮ್ಮ ಸಿಎಸ್‌ನವರಿಗೆ ಈ ನಂಬರ್ ಹೇಳಿಕೊಡಬೇಕಾಗಿಲ್ಲ. ಇದನ್ನ ಹೇಳುವವರೆಲ್ಲ "ಬೋನಸ್ಸಿಂದ ಕೋಟ್ಯಧಿಪತಿ ಆದ್ರು" ಅಂತಾರೆ. ಅಲ್ಲ. ಒಂದೇ ಒಂದು ಬೋನಸ್ ಕೊಡದೆ, ಒಂದೂ ಸಲ ಒಡೆಯದೆ ಇದ್ದಿದ್ರೆ ಆ ಮನುಷ್ಯನ ಹತ್ರ ಇವತ್ತೂ ಅದೇ 100 ಶೇರು ಇರ್ತಿತ್ತು, ಒಂದೊಂದರ ಬೆಲೆ ಈಗಿನದರ 1024 ಪಟ್ಟು ಇರ್ತಿತ್ತು. ಸಂಪತ್ತು ಅಷ್ಟೇ. ಶ್ರೀಮಂತರನ್ನ ಮಾಡಿದ್ದು ಕಂಪನಿಯ ಲಾಭ ಬೆಳೆದದ್ದು. ಬೋನಸ್ ಅದನ್ನ ಸಣ್ಣ ಸಣ್ಣ ತುಂಡು ಮಾಡಿ ಕೊಟ್ಟಿತು, ಅಷ್ಟೇ.

ಹಾಗಂತ ಬೋನಸ್ ಘೋಷಣೆ ಆದಾಗ ಬೆಲೆ ಏರೋದು ಸುಳ್ಳಲ್ಲ. ಬೋನಸ್ ಆದ ಮೇಲೆ ಶೇರು ಜಾಸ್ತಿ ಆದ್ರೂ ಪ್ರತಿ ಶೇರಿಗೆ ಒಳ್ಳೆ ಡಿವಿಡೆಂಡ್ ಕೊಡ್ತೀವಿ ಅನ್ನೋ ಧೈರ್ಯ ಕಂಪನಿಗೆ ಇದೆ ಅಂತ ಜನ ಓದ್ಕೋತಾರೆ. ಆ ನಂಬಿಕೆ ಸರಿ ಇದ್ರೆ ಏರಿದ ಬೆಲೆ ನಿಲ್ಲುತ್ತೆ, ಇಲ್ಲಾಂದ್ರೆ ಇಳಿಯುತ್ತೆ. ಅದು ಸುದ್ದಿಯ ಬೆಲೆ, ಬೋನಸ್ಸಿನ ಬೆಲೆ ಅಲ್ಲ.

ಈಗ ಆರು ಸಾವಿರದ ಕಥೆಗೆ ಬರೋಣ.

ರೈಟ್ಸ್ ಇಶ್ಯೂನಲ್ಲಿ ಕಂಪನಿಗೆ ನಿಜವಾಗಿ ಹಣ ಬೇಕು. ಹೊರಗಿನವರನ್ನ ಕೇಳೋ ಬದಲು ಈಗಾಗಲೇ ಇರೋ ಶೇರುದಾರರಿಗೇ ಮೊದಲು ಕೇಳುತ್ತೆ: ನಿಮ್ಮ ಹತ್ರ ಇಷ್ಟು ಶೇರಿದೆ, ಅದಕ್ಕೆ ತಕ್ಕ ಹಾಗೆ ಇಷ್ಟು ಹೊಸ ಶೇರನ್ನ ಮಾರ್ಕೆಟ್‌ಗಿಂತ ಕಮ್ಮಿ ಬೆಲೆಗೆ ಕೊಡ್ತೀವಿ, ಬೇಕಾ? ದೊಡ್ಡಪ್ಪನ ಹತ್ರ ಆ ಕಂಪನಿಯ 300 ಶೇರು ಇತ್ತು, ಮಾರ್ಕೆಟ್ ಬೆಲೆ 200. ಒಟ್ಟು 60,000. ಆಫರ್ 1:3, ಅಂದ್ರೆ ಮೂರು ಶೇರಿಗೆ ಒಂದು ಹೊಸ ಶೇರು, 120 ರೂಪಾಯಿಗೆ.

ಇಶ್ಯೂ ಆದ ಮೇಲೆ ಬೆಲೆ ಎಷ್ಟಾಗಬೇಕು? ಮೂರು ಹಳೇ ಶೇರು, ತಲಾ 200, ಒಟ್ಟು 600. ಅದಕ್ಕೆ ಕಂಪನಿಗೆ ಹೊಸದಾಗಿ ಬಂದ 120 ಸೇರಿಸಿ, 720. ಈಗ ಶೇರು ನಾಲ್ಕು. 720 ಭಾಗಿಸು 4, ಅಂದ್ರೆ 180. ಇದನ್ನ ಥಿಯರೆಟಿಕಲ್ ಎಕ್ಸ್-ರೈಟ್ಸ್ ಪ್ರೈಸ್ ಅಂತಾರೆ. ಹೆಸರು ದೊಡ್ಡದು, ಆದ್ರೆ ಫಸ್ಟ್ ಇಯರ್‌ನಲ್ಲಿ ಬಿಸಿ ನೀರು ತಣ್ಣೀರು ಬೆರೆಸಿ ಟೆಂಪರೇಚರ್ ಕಂಡುಹಿಡೀತಿದ್ವಲ್ಲ, ಅದೇ ಲೆಕ್ಕ. N ಹಳೇ ಶೇರಿಗೆ ಒಂದು ಹೊಸದು, ಮಾರ್ಕೆಟ್ ಬೆಲೆ P, ಆಫರ್ ಬೆಲೆ S ಆದ್ರೆ:

```
T = (N*P + S) / (N + 1)
```

ನೋಡಿ, ಇಲ್ಲಿ S ಜಾಗದಲ್ಲಿ ಸೊನ್ನೆ ಹಾಕಿದ್ರೆ ಬೋನಸ್ ಲೆಕ್ಕ ಬರುತ್ತೆ. ಅಂದ್ರೆ ಬೋನಸ್ ಅನ್ನೋದು ಆಫರ್ ಬೆಲೆ ಸೊನ್ನೆ ಇರೋ ರೈಟ್ಸ್ ಇಶ್ಯೂ. ಸೂತ್ರದಲ್ಲಿ ಇಷ್ಟೇ ವ್ಯತ್ಯಾಸ. ಆದ್ರೆ ಜೀವನದಲ್ಲಿ ದೊಡ್ಡ ವ್ಯತ್ಯಾಸ ಇದೆ: ಬೋನಸ್ ತಾನಾಗೇ ಖಾತೆಗೆ ಬಂದು ಬೀಳುತ್ತೆ, ರೈಟ್ಸ್ ಬೀಳಲ್ಲ. ಅದಕ್ಕೆ ನೀವೇ ಏನಾದ್ರೂ ಮಾಡ್ಬೇಕು.

ದೊಡ್ಡಪ್ಪನಿಗೆ ಮೂರು ದಾರಿ ಇತ್ತು.

ಒಂದು, ದುಡ್ಡು ಹಾಕೋದು. 100 ಹೊಸ ಶೇರು, ತಲಾ 120, ಒಟ್ಟು 12,000. ಆಮೇಲೆ 400 ಶೇರು, ತಲಾ 180, ಒಟ್ಟು 72,000. ಮೊದಲಿದ್ದ 60,000ಕ್ಕೆ ಜೇಬಿಂದ ಹಾಕಿದ 12,000 ಸೇರಿಸಿದ್ರೆ ಅಷ್ಟೇ ಆಗುತ್ತೆ. ಲಾಭನೂ ಇಲ್ಲ ನಷ್ಟನೂ ಇಲ್ಲ. "200ರ ಶೇರು 120ಕ್ಕೆ ಸಿಕ್ತು, 80 ರೂಪಾಯಿ ಲಾಭ" ಅಂತ ಅನ್ಸೋದು ಭ್ರಮೆ. ಹೊಸ ಶೇರಿನ ಮೇಲೆ ಬಂದ 60 ರೂಪಾಯಿ, ಹಳೇ ಮೂರು ಶೇರಿನ ಮೇಲೆ ತಲಾ 20ರಂತೆ ಹೋಗಿದೆ.

ಎರಡು, ಹಕ್ಕನ್ನ ಮಾರೋದು. ತುಂಬಾ ಜನಕ್ಕೆ ಗೊತ್ತಿಲ್ಲದ ದಾರಿ ಇದು. ಹೊಸ ಶೇರು ತಗೊಳ್ಳೋ ಹಕ್ಕು ರೈಟ್ಸ್ ಎಂಟೈಟಲ್‌ಮೆಂಟ್ ಅನ್ನೋ ಹೆಸರಲ್ಲಿ, ಚಿಕ್ಕದಾಗಿ ಆರ್‌ಇ, ನಿಮ್ಮ ಡಿಮ್ಯಾಟ್ ಖಾತೆಗೇ ಬರುತ್ತೆ. 2020ರಿಂದ ಸೆಬಿ ಈ ಪದ್ಧತಿ ಮಾಡಿದೆ. ಅದು ಎಕ್ಸ್‌ಚೇಂಜ್‌ನಲ್ಲಿ ಶೇರಿನ ಹಾಗೇ ಕೆಲವು ದಿನ ಟ್ರೇಡ್ ಆಗುತ್ತೆ. 180 ಬೆಲೆಬಾಳೋ ಶೇರನ್ನ 120ಕ್ಕೆ ತಗೊಳ್ಳೋ ಚೀಟಿ ಅದು, ಹಾಗಾಗಿ ಅದರ ಬೆಲೆ ಸುಮಾರು 60. ದೊಡ್ಡಪ್ಪನಿಗೆ ಬಂದಿದ್ದು ಅಂಥ 100 ಚೀಟಿ. ಮಾರಿದ್ರೆ 6,000 ಕೈಗೆ. ಉಳಿದ 300 ಶೇರು, ತಲಾ 180, ಒಟ್ಟು 54,000. ಕೂಡಿಸಿದ್ರೆ ಮತ್ತೆ 60,000. ಜೇಬಿಂದ ಒಂದು ಪೈಸೆ ಹಾಕದೆ ಸಂಪತ್ತು ಉಳಿಯುತ್ತೆ.

ಮೂರು, ಏನೂ ಮಾಡದೆ ಇರೋದು. ದೊಡ್ಡಪ್ಪ ಆರಿಸಿಕೊಂಡದ್ದು, ಅಥವಾ ಅವರಿಗೆ ಗೊತ್ತಿಲ್ಲದೆ ಆಗಿಹೋದದ್ದು. ಕೊನೇ ತಾರೀಖು ಮುಗಿದ ತಕ್ಷಣ ಆ 100 ಚೀಟಿ ರದ್ದಾಗಿ ಖಾತೆಯಿಂದ ಮಾಯ ಆಗುತ್ತೆ. ಉಳಿದದ್ದು 300 ಶೇರು, ತಲಾ 180. 54,000. ಅಷ್ಟೇ. ಆರು ಸಾವಿರ ಹೋಯ್ತು. ಹೂಡಿಕೆಯ ಹತ್ತು ಪರ್ಸೆಂಟ್.

ಇದನ್ನ ಹೇಳಿದಾಗ ದೊಡ್ಡಪ್ಪ ನಂಬಲಿಲ್ಲ. "ಹೋಯ್ತು ಅಂದ್ರೆ ಯಾರ ಹತ್ರ ಹೋಯ್ತು? ಗಾಳಿಯಲ್ಲಿ ಕರಗಿತಾ?" ಅಂದ್ರು. ಮೇಷ್ಟ್ರು ಅಲ್ವಾ, ಪ್ರಶ್ನೆ ಸರಿಯಾಗೇ ಕೇಳಿದ್ರು. ಗಾಳಿಯಲ್ಲಿ ಕರಗಲಿಲ್ಲ. ಅರ್ಜಿ ಹಾಕುವಾಗ ನಮ್ಮ ಪಾಲಿಗಿಂತ ಹೆಚ್ಚಿನ ಶೇರು ಬೇಕು ಅಂತಲೂ ಕೇಳಬಹುದು. ಬಿಟ್ಟುಹೋದ ಶೇರುಗಳು ಹಾಗೆ ಕೇಳಿದವರಿಗೆ ಹಂಚಿಹೋಗುತ್ತೆ, ಅನೇಕ ಸಲ ಆ ಸಾಲಲ್ಲಿ ಪ್ರೊಮೋಟರ್‌ಗಳೇ ನಿಂತಿರ್ತಾರೆ. ಅವರು 120 ಕೊಟ್ಟು 180 ಬೆಲೆಬಾಳೋದು ತಗೊಂಡ್ರು. ನೂರು ಶೇರು, ತಲಾ 60. ದೊಡ್ಡಪ್ಪನ ಆರು ಸಾವಿರ ಅಲ್ಲಿದೆ.

ದೊಡ್ಡಪ್ಪನ ಪಾಲೂ ಕರಗಿದೆ. ಮೊದಲು ಕಂಪನಿಯಲ್ಲಿ 3 ಕೋಟಿ ಶೇರು ಇದ್ದು ಅದರಲ್ಲಿ ಇವರದ್ದು 300 ಇತ್ತು ಅಂದ್ಕೊಳ್ಳಿ. ಈಗ 4 ಕೋಟಿಯಲ್ಲಿ 300. ಪಾಲು ಕಾಲುಭಾಗ ಕಮ್ಮಿ ಆಯ್ತು. ಆದ್ರೆ ಸಂಪತ್ತು ಕಾಲುಭಾಗ ಕಮ್ಮಿ ಆಗಲಿಲ್ಲ, ಹತ್ತು ಪರ್ಸೆಂಟ್ ಮಾತ್ರ, ಯಾಕಂದ್ರೆ ಹೊಸಬರು ಹಣ ತಂದಿದ್ದರಿಂದ ಕಂಪನಿಯೂ ದೊಡ್ಡದಾಗಿದೆ. ಈ ಎರಡು ಅಂಕಿಯನ್ನ ನಾನೂ ಮೊದಮೊದಲು ಕಲಸಿಕೊಂಡಿದ್ದೆ.

ಇನ್ನೊಂದು ಪ್ರಶ್ನೆ ನಂಗೆ ತುಂಬಾ ದಿನ ಕಾಡ್ತಿತ್ತು. ಡಿಸ್ಕೌಂಟ್ ಜಾಸ್ತಿ ಇದ್ರೆ ಒಳ್ಳೇದಾ? ಅದೇ ಕಂಪನಿ ಅಷ್ಟೇ ಹಣವನ್ನ 1:1 ಅನುಪಾತದಲ್ಲಿ, 40 ರೂಪಾಯಿಗೆ ಕೇಳಿದ್ರೆ? ದೊಡ್ಡಪ್ಪನಿಗೆ 300 ಹೊಸ ಶೇರು, ತಲಾ 40, ಅದೇ 12,000. ಹೊಸ ಬೆಲೆ 200 ಮತ್ತು 40ರ ಸರಾಸರಿ, 120. ಒಟ್ಟು 600 ಶೇರು, ತಲಾ 120, ಅದೇ 72,000. ದುಡ್ಡು ಹಾಕಿದವನಿಗೆ ಡಿಸ್ಕೌಂಟ್ ಎಷ್ಟಿದ್ರೂ ಒಂದೇ. ಏನೂ ಮಾಡದವನ ಕಥೆ ಬೇರೆ. ಅವನ ಹತ್ರ 300 ಶೇರು, ತಲಾ 120, ಬರೀ 36,000 ಉಳಿಯುತ್ತೆ! ಅಂದ್ರೆ ದೊಡ್ಡ ಡಿಸ್ಕೌಂಟ್ ಅನ್ನೋದು ಉಡುಗೊರೆ ಅಲ್ಲ. ಸುಮ್ನಿರುವವನಿಗೆ ಹಾಕೋ ದಂಡದ ಮೊತ್ತ ಅದು.

ಇದನ್ನ ಇನ್ನೊಂದು ರೀತಿ ನೋಡಿದಾಗ ನಂಗೆ ಪೂರ್ತಿ ಕ್ಲಿಯರ್ ಆಯ್ತು. ಮೊದಲನೇ ಆಫರ್‌ಗೇ ಬರೋಣ, 1:3, 120 ರೂಪಾಯಿ. ದೊಡ್ಡಪ್ಪ 12,000 ಹಾಕಿದ್ರೆ, 180 ರೂಪಾಯಿಯ ನ್ಯಾಯವಾದ ಬೆಲೆಗೆ ಅದಕ್ಕೆ ಬರಬೇಕಾದದ್ದು ಸುಮಾರು 67 ಶೇರು. ಆದ್ರೆ ಬರೋದು 100. ಉಳಿದ 33 ಎಲ್ಲಿಂದ? ಅದು ಬೋನಸ್! 300 ಶೇರಿಗೆ 33, ಅಂದ್ರೆ ಒಂಬತ್ತಕ್ಕೆ ಒಂದು ಬೋನಸ್ ಕೊಟ್ಟ ಹಾಗೆ. ಪ್ರತಿ ರೈಟ್ಸ್ ಇಶ್ಯೂ ಒಳಗೂ ಒಂದು ಬೋನಸ್ ಬಚ್ಚಿಟ್ಟುಕೊಂಡಿರುತ್ತೆ, ಜೊತೆಗೆ ನ್ಯಾಯವಾದ ಬೆಲೆಗೆ ಮಾರಾಟ. ಅಕೌಂಟಿಂಗ್ ನಿಯಮಗಳಲ್ಲೂ ಇದನ್ನ ಬೋನಸ್ ಎಲಿಮೆಂಟ್ ಅಂತಲೇ ಕರೀತಾರೆ, ಹಳೇ ವರ್ಷಗಳ ಪ್ರತಿ ಶೇರಿನ ಲಾಭವನ್ನ ಹೋಲಿಸೋಕೆ ಸರಿಪಡಿಸುವಾಗ P/T, ಇಲ್ಲಿ 200/180, ಬಳಸ್ತಾರೆ. ವ್ಯತ್ಯಾಸ ಇಷ್ಟೇ: ನಿಜವಾದ ಬೋನಸ್ ಎಲ್ಲರಿಗೂ ಸಿಗುತ್ತೆ, ರೈಟ್ಸ್ ಒಳಗಿನ ಬೋನಸ್ ಎದ್ದು ಹೋಗಿ ತಗೊಂಡವರಿಗೆ ಮಾತ್ರ.

ಎಲ್ಲ ರೈಟ್ಸ್ ಇಶ್ಯೂನಲ್ಲೂ ಹತ್ತು ಪರ್ಸೆಂಟ್ ಹೋಗುತ್ತೆ ಅಂತಲ್ಲ. ಸುಮ್ನಿದ್ರೆ ಎಷ್ಟು ಹೋಗುತ್ತೆ ಅನ್ನೋದಕ್ಕೆ ಚಿಕ್ಕ ಸೂತ್ರ ಇದೆ:

```
(P - S) / (P * (N + 1))
```

ದೊಡ್ಡಪ್ಪನ ಕೇಸಲ್ಲಿ 80 ಭಾಗಿಸು 800, ಅಂದ್ರೆ 10%. ಈಗ ಅದೇ ರಿಲಯನ್ಸ್ 2020ರಲ್ಲಿ ಮಾಡಿದ ರೈಟ್ಸ್ ಇಶ್ಯೂ ತಗೊಳ್ಳಿ. 53,124 ಕೋಟಿ ರೂಪಾಯಿಯ ಭಾರೀ ಇಶ್ಯೂ. 15 ಶೇರಿಗೆ ಒಂದು, 1257 ರೂಪಾಯಿಗೆ. ಘೋಷಣೆ ಆದ ಏಪ್ರಿಲ್ 30ರಂದು ಬೆಲೆ ಸುಮಾರು 1467. ಸೂತ್ರಕ್ಕೆ ಹಾಕಿದ್ರೆ ಹೊಸ ಬೆಲೆ ಸುಮಾರು 1454, ಅಂದ್ರೆ ಶೇರಿಗೆ 13 ರೂಪಾಯಿ ಇಳಿತ. ಸುಮ್ನಿದ್ದವನಿಗೆ ಒಂದು ಪರ್ಸೆಂಟ್‌ಗಿಂತ ಕಮ್ಮಿ ನಷ್ಟ. 13 ರೂಪಾಯಿ ಅದು ದಿನಾ ಅಲ್ಲಾಡೋದ್ರಲ್ಲೇ ಮುಚ್ಚಿಹೋಗುತ್ತೆ. ಅದಕ್ಕೇ ಇಂಥ ನಷ್ಟ ಯಾರ ಕಣ್ಣಿಗೂ ಬೀಳಲ್ಲ.

ಆ ಇಶ್ಯೂನಲ್ಲಿ ಇನ್ನೊಂದು ಮಜಾ ಇತ್ತು. ಆರ್‌ಇಗಳು ಮೇ 20ರಿಂದ 29ರ ತನಕ ಟ್ರೇಡ್ ಆದವು, ಮೊದಲ ದಿನವೇ ಬೆಲೆ 200 ದಾಟಿತು. ಆವತ್ತಿನ ಶೇರಿನ ಬೆಲೆಯಿಂದ 1257 ಕಳೆದ್ರೆ ಅಷ್ಟು ಬರ್ತಿರಲಿಲ್ಲ. ಜನಕ್ಕೆ ಲೆಕ್ಕ ಬರಲಿಲ್ವಾ? ಬಂತು. ಕಂಪನಿ ಪೂರ್ತಿ 1257 ಒಮ್ಮೆಗೇ ಕೇಳಿರಲಿಲ್ಲ. ಅರ್ಜಿ ಜೊತೆ ಕಾಲುಭಾಗ, 314.25 ಮಾತ್ರ. ಇನ್ನೊಂದು 314.25 ಮುಂದಿನ ವರ್ಷ ಮೇನಲ್ಲಿ, ಉಳಿದ 628.50 ನವೆಂಬರ್‌ನಲ್ಲಿ. ಒಂದೂವರೆ ವರ್ಷ ಆದ ಮೇಲೆ ಕೊಡೋ ದುಡ್ಡು ಇವತ್ತಿನ ದುಡ್ಡಿಗಿಂತ ಅಗ್ಗ, ಹಾಗಾಗಿ ನಿಜವಾದ S 1257ಕ್ಕಿಂತ ಕಮ್ಮಿ, ಹಕ್ಕಿನ ಬೆಲೆ ಜಾಸ್ತಿ. ಇಂಜಿನಿಯರಿಂಗ್ ಎಕನಾಮಿಕ್ಸ್‌ನಲ್ಲಿ ಪ್ರೆಸೆಂಟ್ ವ್ಯಾಲ್ಯೂ ಅಂತ ಬರುತ್ತಲ್ಲ, ಅದು ನಂಗೆ ನಿಜವಾಗಿ ಅರ್ಥ ಆಗಿದ್ದು ಇಲ್ಲೇ.

ಆರ್‌ಇ ವಿಷಯದಲ್ಲಿ ಎರಡು ತಾರೀಖು ಗಮನಿಸಬೇಕು. ಮಾರೋಕೆ ಕೊನೇ ದಿನ ಬೇರೆ, ಅರ್ಜಿ ಹಾಕೋಕೆ ಕೊನೇ ದಿನ ಬೇರೆ. ರಿಲಯನ್ಸ್‌ನದ್ದು ಮೇ 29ಕ್ಕೆ ಟ್ರೇಡಿಂಗ್ ನಿಂತಿತು, ಇಶ್ಯೂ ಮುಗಿದದ್ದು ಜೂನ್ 3ಕ್ಕೆ. ಆ ಮಧ್ಯೆ ಎಚ್ಚರ ಆದವನಿಗೆ ಮಾರೋ ದಾರಿ ಮುಚ್ಚಿಹೋಗಿರುತ್ತೆ, ದುಡ್ಡು ಹಾಕೋ ದಾರಿ ಮಾತ್ರ ಉಳಿದಿರುತ್ತೆ. ಅರ್ಜಿಯನ್ನ ನೆಟ್ ಬ್ಯಾಂಕಿಂಗ್‌ನಲ್ಲೇ ಹಾಕಬಹುದು, ಹಣ ಖಾತೆಯಲ್ಲಿ ಬ್ಲಾಕ್ ಆಗಿರುತ್ತೆ. ಇನ್ನು ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಆ್ಯಪ್‌ನಲ್ಲಿ ಕಂಪನಿ ಹೆಸರಿನ ಕೊನೆಗೆ `-RE` ಅಂತ ಇರೋದನ್ನ ನೋಡದೆ, "ಅರೆ, 200ರ ಶೇರು 60ಕ್ಕೆ ಸಿಗ್ತಿದೆ" ಅಂತ ಕೊಂಡುಬಿಡ್ತಾರೆ. ಅದು ಶೇರಲ್ಲ, ಶೇರು ಕೊಳ್ಳೋ ಚೀಟಿ. ಆಮೇಲೆ ಅರ್ಜಿ ಹಾಕಿ 120 ಕಟ್ಟದಿದ್ರೆ ಪೂರ್ತಿ 60ಕ್ಕೂ ಪಂಗನಾಮ.

ನಮ್ಮ ಲೆಕ್ಕಕ್ಕೆ ಒಂದು ಮಿತಿ ಇದೆ. 12,000 ಹಣ ಕಂಪನಿಗೆ ಹೋದ ಮೇಲೂ 12,000 ಆಗೇ ಉಳಿಯುತ್ತೆ ಅಂತ ನಾವು ಅಂದ್ಕೊಂಡಿದ್ವಿ. ಕಂಪನಿ ಅದನ್ನ ಒಳ್ಳೆ ಕೆಲಸಕ್ಕೆ ಹಾಕಿದ್ರೆ ಬೆಲೆ 180ಕ್ಕಿಂತ ಮೇಲೆ ಹೋಗುತ್ತೆ, ಹಳೇ ಸಾಲದ ತೂತು ಮುಚ್ಚೋಕೆ ಸುರಿದ್ರೆ ಕೆಳಗೆ ಬರುತ್ತೆ. ಬೋನಸ್‌ನಲ್ಲಿ ಈ ಪ್ರಶ್ನೆನೇ ಇಲ್ಲ, ಹೊಸ ಹಣನೇ ಬಂದಿಲ್ವಲ್ಲ. ಹಾಗಾಗಿ ರೈಟ್ಸ್ ಬಂದಾಗ ಲೆಟರ್ ಆಫ್ ಆಫರ್‌ನಲ್ಲಿ ಹಣ ಯಾಕೆ ಬೇಕು ಅಂತ ಬರೆದಿರೋ ಭಾಗ ಓದ್ಬೇಕು. ಡಿಸ್ಕೌಂಟ್ ಎಷ್ಟು ಅನ್ನೋದು ಅದರ ಮುಂದೆ ಏನೂ ಅಲ್ಲ. ಕಂಪನಿ ಮೇಲೆ ನಂಬಿಕೆ ಇಲ್ಲಾಂದ್ರೆ ದುಡ್ಡು ಹಾಕಬೇಡಿ, ಆದ್ರೆ ಚೀಟಿ ಮಾರಿ.

ಟ್ಯಾಕ್ಸ್ ಬಗ್ಗೆ ಒಂದೇ ಮಾತು. ಬೋನಸ್ ಶೇರಿಗೆ ನೀವು ಕೊಟ್ಟ ಬೆಲೆ ಸೊನ್ನೆ ಅಂತ ಲೆಕ್ಕ, ಹಿಡಿದ ಅವಧಿ ಅದು ಬಂದ ದಿನದಿಂದ ಶುರು. ಹಾಗಾಗಿ ಆ್ಯಪ್ ಸರಾಸರಿ ಬೆಲೆ 250 ಅಂತ ತೋರಿಸಿದ್ರೂ, ಟ್ಯಾಕ್ಸ್ ಲೆಕ್ಕದಲ್ಲಿ ದೊಡ್ಡಪ್ಪನ ಮೊದಲ ನೂರು ಶೇರಿನ ಬೆಲೆ 500ರಂತೆಯೇ, ಆಮೇಲಿನ ನೂರರದ್ದು ಸೊನ್ನೆ. ಮಾರುವಾಗ ಮೊದಲು ಬಂದದ್ದು ಮೊದಲು ಹೋಗುತ್ತೆ.

ಹೋದ ತಿಂಗಳು ದೊಡ್ಡಪ್ಪನ ಫೋನ್ ಮತ್ತೆ ಬಂತು. "ಇನ್ನೊಂದು ರೈಟ್ಸ್ ಬಂದಿದೆ ಕಣೋ, ಈ ಸಲ ಬಿಡಲ್ಲ ನಾನು. ನಾಲ್ಕಕ್ಕೆ ಒಂದು, 90 ರೂಪಾಯಿ. ದುಡ್ಡು ರೆಡಿ ಇಟ್ಟಿದ್ದೀನಿ." ಕಾಗದ ಪೆನ್ನು ಹಿಡ್ಕೊಂಡೇ ಕೂತಿದ್ರು ಅನ್ಸುತ್ತೆ. "ಮಾರ್ಕೆಟ್ ಬೆಲೆ ಎಷ್ಟಿದೆ ದೊಡ್ಡಪ್ಪ?" ಅಂತ ಕೇಳಿದೆ. ಘೋಷಣೆ ಆದಾಗ 104 ಇತ್ತಂತೆ. ಆಮೇಲೆ ಇಳೀತಾ ಇಳೀತಾ ಆವತ್ತು 86ಕ್ಕೆ ಬಂದಿತ್ತು. ಆರ್‌ಇ ಹತ್ತು ಪೈಸೆ ಇಪ್ಪತ್ತು ಪೈಸೆಯಲ್ಲಿ ಆಡ್ತಿತ್ತು. ಸ್ವಲ್ಪ ಹೊತ್ತು ಆ ಕಡೆಯಿಂದ ಶಬ್ದ ಇಲ್ಲ. ಆಮೇಲೆ ಅವರೇ, "ಮಾರ್ಕೆಟ್ಟಲ್ಲಿ 86ಕ್ಕೆ ಸಿಗೋದನ್ನ ಇವರ ಹತ್ರ 90 ಕೊಟ್ಟು ಯಾಕೆ ತಗೋಬೇಕು? P ಗಿಂತ S ದೊಡ್ಡದು. ಮೇಲಿಂದು ಮೈನಸ್ ಬರುತ್ತೆ" ಅಂದ್ರು. ಹೌದು ಅಂದೆ. ಹಕ್ಕಿಗೆ ಬೆಲೆನೇ ಇಲ್ಲದಾಗ ಅದನ್ನ ಬಿಟ್ಟರೆ ಕಳೆದುಕೊಳ್ಳೋದೂ ಏನಿಲ್ಲ. ಕೊನೇ ದಿನದ ತನಕ ಇಬ್ಬರೂ ಬೆಲೆ ನೋಡ್ತಾ ಇದ್ವಿ, 90 ದಾಟಲಿಲ್ಲ. ದೊಡ್ಡಪ್ಪ ಈ ಸಲವೂ ಏನೂ ಮಾಡಲಿಲ್ಲ.